ಮುನ್ನೂರಕ್ಕೆ ಹದಿನೈದು

“ಒಂದು ಪ್ರಾಂಪ್ಟ್ ಹಾಕಿ ಕೊಟ್ಬಿಡಿ ಸಾರ್, ಹತ್ತು ನಿಮಿಷದ ಕೆಲಸ ತಾನೇ?”

ಬೆಂಗಳೂರಿನ ಸಣ್ಣಪುಟ್ಟ ಜಾಹೀರಾತು ಸ್ಟುಡಿಯೊಗಳಿಗೆ ಈ ಮಾತು ಈಗ ಹೊಸದಲ್ಲ. ಮಾತಿನ ಬೆನ್ನಿಗೇ ಮೊಬೈಲ್ ಹೊರಬರುತ್ತದೆ. ಅದರಲ್ಲಿ ಅಮೆರಿಕದ ಕಾಲ್ಶಿ ಎಂಬ ಕಂಪನಿಯ ಎಐ ಜಾಹೀರಾತು. 2025ರ ಜೂನ್‌ನಲ್ಲಿ ಅಲ್ಲಿನ ಬ್ಯಾಸ್ಕೆಟ್‌ಬಾಲ್ ಫೈನಲ್ಸ್ ನಡುವೆ ಟಿವಿಯಲ್ಲಿ ಬಂದದ್ದು. “ನೋಡಿ, ಎರಡು ಸಾವಿರ ಡಾಲರ್, ಎರಡೇ ದಿನ, ಒಬ್ಬನೇ ಮಾಡಿದ್ದು. ನೀವ್ಯಾಕೆ ಮೂರು ವಾರ ಕೇಳ್ತೀರಿ?” ಎನ್ನುವಾಗ ಗಿರಾಕಿಯ ಮುಖದಲ್ಲಿ ಕಳ್ಳನನ್ನು ಹಿಡಿದ ಪೊಲೀಸನ ಕಳೆ.

ಹಣದ ಲೆಕ್ಕ ಬಾಯಿಪಾಠ ಮಾಡಿದವರು ಅದೇ ಕಥೆಯ ಇನ್ನೊಂದು ಲೆಕ್ಕವನ್ನು ಮಾತ್ರ ನುಂಗಿಬಿಡುತ್ತಾರೆ. ಆ ಜಾಹೀರಾತು ಮಾಡಿದ ಪಿ.ಜೆ. ಅಕ್ಸೆಟುರೊ ತಾವೇ ಬಹಿರಂಗವಾಗಿ ಹೇಳಿಕೊಂಡದ್ದು ಅದು. ಗೂಗಲ್‌ನ ವಿಯೊ 3ರಲ್ಲಿ 300ರಿಂದ 400 ಸಲ ಕ್ಲಿಪ್ ತೆಗೆದರೆ ಉಪಯೋಗಕ್ಕೆ ಬಂದದ್ದು 15. ಅಂದರೆ ಒಂದು ಒಳ್ಳೆಯ ಕ್ಲಿಪ್ಪಿಗೆ ಕನಿಷ್ಠ ಇಪ್ಪತ್ತು ಪ್ರಯತ್ನ, ಮಿಕ್ಕದ್ದೆಲ್ಲ ಕಸದಬುಟ್ಟಿಗೆ. ಅದೂ ವರ್ಷಗಟ್ಟಲೆ ನಿರ್ದೇಶನ ಮಾಡಿ ಕೈ ಪಳಗಿದವರಿಗೆ. “ಒಂದು ಪ್ರಾಂಪ್ಟ್” ಪಂಗಡದವರು ತಮ್ಮ ದೇವರ ಪಟವೆಂದು ಹೊತ್ತು ತಿರುಗುತ್ತಿರುವುದು ತಮ್ಮ ವಾದವನ್ನೇ ಸುಳ್ಳು ಮಾಡುವ ಸಾಕ್ಷಿಯನ್ನು.

ಆ ಜಾಹೀರಾತನ್ನು ಕಣ್ಣುಬಿಟ್ಟು ನೋಡಿದರೆ ಇನ್ನೊಂದು ಗುಟ್ಟೂ ಸಿಗುತ್ತದೆ. ಬಿಯರ್ ಕುಡಿಯುವ ಅನ್ಯಗ್ರಹದವನು, ಮೊಟ್ಟೆ ತುಂಬಿದ ಕೊಳದಲ್ಲಿ ತೇಲುವ ರೈತ, ಹೀಗೆ ಹೆಚ್ಚುಕಡಿಮೆ ಶಾಟ್‌ಗೊಬ್ಬ ಹೊಸಬ ಬಂದು ಒಂದು ಮಾತು ಕೂಗಿ ಹೋಗುತ್ತಾನೆ. ಕಥೆಯನ್ನು ಹೊತ್ತು ಸಾಗುವ ಪಾತ್ರವೇ ಇಲ್ಲ. ಯಂತ್ರಕ್ಕೆ ಯಾವುದು ಬಾರದೋ ಅದನ್ನು ಕೇಳದೇ ಇರುವ ಹಾಗೆ ಸ್ಕ್ರಿಪ್ಟನ್ನೇ ಹೆಣೆಯಲಾಗಿದೆ.

ಈಗ ನಮ್ಮ ಗಿರಾಕಿ ಕೇಳುವುದನ್ನು ನೋಡೋಣ. ಗಾಣದ ಕಡಲೆಕಾಯಿ ಎಣ್ಣೆಗೆ 30 ಸೆಕೆಂಡಿನ ಜಾಹೀರಾತು ಎಂದುಕೊಳ್ಳಿ. ಅಜ್ಜಿ ಗಾಣದ ಮುಂದೆ ಕೂತಿರುತ್ತಾಳೆ, ಎಣ್ಣೆ ಧಾರೆಯಾಗಿ ಇಳಿಯುತ್ತದೆ, ಕಾವಲಿಯ ಮೇಲೆ ದೋಸೆ ಚುಂಯ್ ಅನ್ನುತ್ತದೆ, ಮೊಮ್ಮಗಳು ತಿನ್ನುತ್ತಾಳೆ, ಅಜ್ಜಿ ನಗುತ್ತಾಳೆ, ಕೊನೆಗೆ ಬಾಟಲಿ. ಬಿಡಿಸಿ ಬರೆದರೆ ಎಂಟು ಶಾಟ್. ವಿಯೊ 3 ಒಂದು ಸಲಕ್ಕೆ ಕೊಡುವುದು ಎಂಟು ಸೆಕೆಂಡ್. ಕಾಲ್ಶಿಯ ಲೆಕ್ಕವನ್ನೇ ಹಿಡಿದರೂ ಎಂಟು ಶಾಟ್‌ಗೆ ಕನಿಷ್ಠ 160 ಸಲ ಕ್ಲಿಪ್ ತೆಗೆಯಬೇಕು. ಇಲ್ಲಿಯಾದರೋ ಅಜ್ಜಿ ಮೂರು ಕಡೆ ಬರುತ್ತಾಳೆ.

ಆ ಅಜ್ಜಿಯೇ ತೊಂದರೆ. ಯಂತ್ರ ಪ್ರತಿ ಸಲವೂ ಗೊಜಗೊಜ ಚುಕ್ಕೆಗಳ ಪರದೆಯಿಂದ ಶುರುಮಾಡಿ, ಅದನ್ನು ಹಂತಹಂತವಾಗಿ ತಿಳಿಗೊಳಿಸುತ್ತ ಚಿತ್ರ ಕಟ್ಟುತ್ತದೆ. ಹಿಂದಿನ ಸಲ ಕಟ್ಟಿದ ಅಜ್ಜಿಯ ನೆನಪು ಅದಕ್ಕಿರುವುದಿಲ್ಲ. “ಎಪ್ಪತ್ತು ವರ್ಷದ ಅಜ್ಜಿ, ಮೂಗುತಿ, ಇಳಕಲ್ ಸೀರೆ” ಎಂದು ಬರೆದರೆ ಆ ವಿವರಣೆಗೆ ಹೊಂದುವ ಅಜ್ಜಿಯರು ಸಾವಿರ. ಒಂದನೇ ಶಾಟ್‌ನಲ್ಲಿ ಎಡಕ್ಕಿದ್ದ ಮೂಗುತಿ ಆರನೆಯದರಲ್ಲಿ ಬಲಕ್ಕೆ ಹೋಗಿರುತ್ತದೆ, ಸೀರೆಯ ಅಂಚು ಅಗಲವಾಗಿರುತ್ತದೆ, ಅಜ್ಜಿಗೆ ಹತ್ತು ವರ್ಷ ಇಳಿದಿರುತ್ತದೆ. ಅದಕ್ಕೇ ಬಲ್ಲವರು ಬರೀ ಮಾತಿನಿಂದ ಕ್ಲಿಪ್ ತೆಗೆಯುವುದಿಲ್ಲ. ಮೊದಲು ಅಜ್ಜಿಯ ನಿಶ್ಚಲ ಚಿತ್ರ ಮಾಡಿ ಒಪ್ಪಿಗೆ ಪಡೆದು, ಆ ಚಿತ್ರವನ್ನೇ ಮೊದಲ ಫ್ರೇಮ್ ಆಗಿ ಕೊಟ್ಟು ಚಲನೆ ಕೇಳುತ್ತಾರೆ. ಅಷ್ಟು ಮಾಡಿದರೂ ಅಜ್ಜಿ ತಲೆ ತಿರುಗಿಸಿದೊಡನೆ ಮುಖ ಜಾರುವುದುಂಟು.

ಇಷ್ಟೆಲ್ಲ ಆದಮೇಲೆ ಬರುತ್ತದೆ ಆ ಮಾತು: “ಎಲ್ಲಾ ಸೂಪರ್. ಸೀರೆ ಒಂದು ಹಸಿರು ಮಾಡಿಬಿಡಿ, ಅಷ್ಟೇ.” ಬರೀ ಪ್ರಾಂಪ್ಟ್‌ನಲ್ಲಿ ಬಣ್ಣ ಬದಲಿಸಿದರೆ ಬರುವುದು ಅದೇ ಕ್ಲಿಪ್ ಅಲ್ಲ. ಬೇರೆ ಮುಖ, ಬೇರೆ ಬೆಳಕು, ಬೇರೆ ಗಾಣ. ಇರುವ ಕ್ಲಿಪ್ಪನ್ನೇ ತಿದ್ದುವ ಸಾಧನಗಳು ಬಂದಿವೆ, ನಿಜ. ಸೀರೆಯ ಬಣ್ಣ ಬದಲಾದಾಗ ಪಕ್ಕದ ಬಾಳೆಗಿಡ ಇದ್ದಂತೆಯೇ ಉಳಿಯಿತೇ ಎಂದು ಫ್ರೇಮ್ ಫ್ರೇಮ್ ನೋಡುವ ಕೆಲಸ ಮಾತ್ರ ಮನುಷ್ಯನದೇ.

ಇದು ಕೈಲಾಗದವರ ನೆಪ ಎನ್ನುವವರಿಗಾಗಿ ಟೊರಾಂಟೊದ ಶೈ ಕಿಡ್ಸ್ ತಂಡವಿದೆ. 2024ರಲ್ಲಿ ಸೋರಾ ಸಾರ್ವಜನಿಕರಿಗೆ ಸಿಗುವ ಮೊದಲೇ ಓಪನ್‌ಎಐ ಅವರ ಕೈಗೆ ಕೊಟ್ಟಿತ್ತು. ತಲೆಯ ಜಾಗದಲ್ಲಿ ಹಳದಿ ಬಲೂನು ಇರುವ ಮನುಷ್ಯನ ಕಥೆ ‘ಏರ್ ಹೆಡ್’ ಅವರದು. ಮುಖವೇ ಇಲ್ಲದ ನಾಯಕ! ಆದರೂ ಬಲೂನು ಒಂದೊಂದು ಸಲ ಬೇರೆ ಬಣ್ಣಕ್ಕೆ ತಿರುಗುತ್ತಿತ್ತು, ಅದರ ಮೇಲೆ ಬೇಡದ ಮುಖ ಮೂಡುತ್ತಿತ್ತು, ಬೇಡವಾದ ದಾರ ನೇತಾಡುತ್ತಿತ್ತು. ಅದನ್ನೆಲ್ಲ ಆಮೇಲೆ ಎಡಿಟಿಂಗ್‌ನಲ್ಲಿ ಕೂತು ಅಳಿಸಿದರು. ಸುಮಾರು ಒಂದೂಕಾಲು ನಿಮಿಷದ ಚಿತ್ರಕ್ಕೆ ತೆಗೆದ ಸಾಮಗ್ರಿ ಬಳಸಿದ್ದರ ಸುಮಾರು 300 ಪಟ್ಟು ಇತ್ತೆಂದು ಅವರೇ ಹೇಳಿದರು. ನಮ್ಮಲ್ಲೂ ಪೂರ್ತಿ ಎಐನಿಂದಲೇ ಮಾಡಿದ್ದೆಂದು ಸುದ್ದಿಯಾದ ಕನ್ನಡ ಸಿನಿಮಾ ‘ಲವ್ ಯು’ವಿನ ಹತ್ತು ಲಕ್ಷದ ಬಜೆಟ್ ಎಲ್ಲರಿಗೂ ನೆನಪಿದೆ. ಅದರ ಹಿಂದಿದ್ದ ತಿಂಗಳುಗಟ್ಟಲೆ ದುಡಿಮೆಯನ್ನು ನೆನೆಯುವವರು ಯಾರು?

ಹಾಗೆಂದು ತಪ್ಪೆಲ್ಲ ಗಿರಾಕಿಯದೇ ಅಲ್ಲ. ಇಪ್ಪತ್ತು ಪ್ರಯತ್ನದಲ್ಲಿ ಗೆದ್ದ ಒಂದೇ ಕ್ಲಿಪ್ಪನ್ನು ತೋರಿಸಿ ಆರ್ಡರ್ ಹಿಡಿಯುವ ಏಜೆನ್ಸಿಗಳದು ದೊಡ್ಡ ಪಾಲು. ಹತ್ತೊಂಬತ್ತು ಸೋತವನ್ನೂ ಮೊದಲ ಭೇಟಿಯಲ್ಲೇ ತೋರಿಸುವ ಎದೆಗಾರಿಕೆ ಎಷ್ಟು ಜನಕ್ಕಿದೆ?

ಇನ್ನು ಬಾಟಲಿ. ಲೇಬಲ್ ಮೇಲಿನ ಕನ್ನಡವನ್ನು ಯಂತ್ರದ ಕೈಗೆ ಬಿಟ್ಟರೆ ‘ಎಣ್ಣೆ’ಯ ಒತ್ತಕ್ಷರ ಯಾವುದೋ ಲಿಪಿಯ ಬಾಲವಾಗಿ ಹೊರಬರುವುದುಂಟು. ಬಾಟಲಿ ತಿರುಗಿದಂತೆ ಅಕ್ಷರಗಳೂ ಕರಗಿ ಕದಲುತ್ತವೆ. ಅಚ್ಚರಿಯೆಂದರೆ ಒಪ್ಪಿಗೆ ಕೊಡುವ ಸಭೆಯಲ್ಲಿ ಅದನ್ನು ಗುರುತಿಸುವವರೇ ಇರುವುದಿಲ್ಲ. ಇರುವುದಾದರೂ ಹೇಗೆ? ಮುಂಬೈಯಲ್ಲಿ ಹಿಂದಿಗೆ ಬರೆದು, ತುಟಿ ಚಲನೆಗೆ ತಕ್ಕಂತೆ ಕನ್ನಡವನ್ನು ಹಿಚುಕಿ ಕೂರಿಸಿದ ಜಾಹೀರಾತುಗಳನ್ನೇ ದಶಕಗಳಿಂದ ತಿಂದು ಅರಗಿಸಿಕೊಂಡ ಮಾರುಕಟ್ಟೆ ಇದು. ಕನ್ನಡದ ಆವೃತ್ತಿಗೆ ದುಡ್ಡು ಮಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಲೇಬಲ್ ಮೇಲೆ ಅಕ್ಷರ ಕೊಳೆತರೆ ನೋಯುವುದು ಯಾರಿಗೆ?

ಇದಕ್ಕೆಲ್ಲ ಮದ್ದು ಕೊಟೇಶನ್ ಹಾಳೆಯಲ್ಲೇ ಇದೆ. “30 ಸೆಕೆಂಡ್ ಎಐ ವಿಡಿಯೊ” ಎಂಬ ಒಂದು ಸಾಲಿನ ಬದಲು ಎಂಟೂ ಶಾಟ್‌ಗಳನ್ನು ಬರೆಯಬೇಕು. ಉದ್ದ ತಗ್ಗಿಸುವುದು, ಬಣ್ಣದ ಛಾಯೆ, ಸಂಗೀತ, ಪರದೆಯ ಮೇಲಿನ ಅಕ್ಷರ ಇವು ಎಡಿಟಿಂಗ್ ತಿದ್ದುಪಡಿ, ಎರಡು ಸುತ್ತು ಬೆಲೆಯೊಳಗೇ. ಸೀರೆ, ಮುಖ, ಕ್ಯಾಮೆರಾ ಕೋನ, ಅಜ್ಜಿಯ ಕೈ ಏನು ಮಾಡುತ್ತದೆ ಎಂಬುದು ಬದಲಾದರೆ ಅದು ಹೊಸ ಶಾಟ್, ಅದರ ದರ ಬೇರೆ. ಕನ್ನಡದ ಮಾತು ಡಬ್ಬಿಂಗ್ ಕಲಾವಿದರದು. ಬಾಟಲಿಯನ್ನು ಮೇಜಿನ ಮೇಲಿಟ್ಟು ನಿಜವಾದ ಕ್ಯಾಮೆರಾದಲ್ಲೇ ತೆಗೆಯುವುದು, ಅರ್ಧ ದಿನದ ಕೆಲಸ. ನಿಶ್ಚಲ ಚಿತ್ರಗಳಿಗೆ ಒಪ್ಪಿಗೆ ಸಿಗುವ ತನಕ ಒಂದು ಕ್ಲಿಪ್ಪೂ ತೆಗೆಯುವಂತಿಲ್ಲ. ಅದಕ್ಕಾಗಿ ಹಾಳೆಯ ಕೆಳಗೆ ಇನ್ನೊಂದು ಸಾಲು: ಅಜ್ಜಿಯ ಸೀರೆ, ಇಳಕಲ್, ಹಸಿರು. ಪಕ್ಕದಲ್ಲಿ ದಿನಾಂಕ, ಗಿರಾಕಿಯ ಸಹಿ.