ಹೆಚ್ಚುವರಿ ಕೆಲಸದ ಹಣ ಮತ್ತು ಮೂಲ ಕರಾರು

ಮನೆ ಕಟ್ಟುವ ಗುತ್ತಿಗೆಯಲ್ಲಿ ಮಾಲೀಕರಿಗೂ ಗುತ್ತಿಗೆದಾರರಿಗೂ ಜಗಳ ಹುಟ್ಟುವುದು ಹೆಚ್ಚಾಗಿ ಕೊನೆಯ ಬಿಲ್ಲಿನಲ್ಲಿ. ಕೆಲಸದ ನಡುವೆ ಮಾಲೀಕರು ಕೇಳಿದ ಬದಲಾವಣೆಗಳೆಲ್ಲ ಅಲ್ಲಿ ‘ಎಕ್ಸ್‌ಟ್ರಾ’ ಎಂಬ ಒಂದೇ ಸಾಲಿನಲ್ಲಿ, ಒಂದೇ ಮೊತ್ತವಾಗಿ ಕಾಣಿಸಿಕೊಳ್ಳುತ್ತವೆ. ಮಾಡಿದ ಕೆಲಸಕ್ಕೆ ಹಣ ಕೇಳುವುದು ತಪ್ಪಲ್ಲ. ಆದರೆ ಆ ಹಣ ಮೂಲ ಕರಾರಿನ ಯಾವ ಅಂಶದಿಂದ, ಯಾವ ಲೆಕ್ಕದಲ್ಲಿ ಬಂತೆಂದು ತೋರಿಸದಿದ್ದರೆ ನ್ಯಾಯವಾದ ಮೊತ್ತವೂ ಅನುಮಾನಕ್ಕೆ ಗುರಿಯಾಗುತ್ತದೆ. ಆದ್ದರಿಂದ ಹೆಚ್ಚುವರಿ ಹಣದ ಬಗ್ಗೆ ಮಾಲೀಕರಿಗೆ ಕಳಿಸುವ ಪತ್ರವನ್ನು ಹೊಸ ಬೇಡಿಕೆಯಂತೆ ಬರೆಯಬಾರದು. ಅದು ಮೂಲ ಕರಾರಿನ ಮುಂದುವರಿಕೆಯಾಗಿರಬೇಕು.

ಮೊದಲು ತೀರ್ಮಾನವಾಗಬೇಕಾದದ್ದು ಇದು ನಿಜವಾಗಿಯೂ ಬದಲಾವಣೆಯೇ ಎಂಬುದು. ಚದರಡಿ ದರದ ಕರಾರಿಗೆ ಸಾಮಾನ್ಯವಾಗಿ ಸಾಮಗ್ರಿಗಳ ವಿವರಪಟ್ಟಿಯೊಂದು ಜೊತೆಗಿರುತ್ತದೆ: ಸಿಮೆಂಟು, ಕಬ್ಬಿಣ, ಟೈಲ್ಸ್, ಬಾಗಿಲು, ನಲ್ಲಿ, ಸ್ವಿಚ್ಚುಗಳ ಗುಣಮಟ್ಟ ಮತ್ತು ದರದ ಮಿತಿ ಅದರಲ್ಲಿರುತ್ತವೆ. ಮಾಲೀಕರು ಕೇಳಿದ್ದು ಈ ಪಟ್ಟಿಯನ್ನಾಗಲಿ ಒಪ್ಪಿದ ನಕ್ಷೆಯನ್ನಾಗಲಿ ಮೀರಿದರೆ ಅದು ಬದಲಾವಣೆ. ಗುತ್ತಿಗೆದಾರರೇ ಅಂದಾಜಿನಲ್ಲಿ ಇಟ್ಟಿಗೆ ಕಡಿಮೆ ಹಿಡಿದಿದ್ದರೆ ಅದು ಬದಲಾವಣೆಯಲ್ಲ. ಕಬ್ಬಿಣದ ಬೆಲೆ ಏರಿದರೂ, ಬೆಲೆಯೇರಿಕೆಯ ಷರತ್ತು ಕರಾರಿನಲ್ಲಿ ಇಲ್ಲದಿದ್ದರೆ, ಮಾಲೀಕರಿಂದ ಹೆಚ್ಚು ಕೇಳಲು ಆಧಾರವಿಲ್ಲ.

ಒಂದು ಉದಾಹರಣೆ ನೋಡಬಹುದು. ಕರಾರಿನ ಪಟ್ಟಿಯಲ್ಲಿ ಹಾಲ್‌ನ ನೆಲಕ್ಕೆ ಚದರಡಿಗೆ 60 ರೂಪಾಯಿಯ ವಿಟ್ರಿಫೈಡ್ ಟೈಲ್ಸ್, ಹಾಕುವ ಕೂಲಿ 25 ರೂಪಾಯಿ ಎಂದಿದೆ. ಗಾರೆ ಕೆಲಸ ನಡೆಯುವಾಗ ಮಾಲೀಕರು ಗ್ರಾನೈಟ್ ಬೇಕೆನ್ನುತ್ತಾರೆ. ಗ್ರಾನೈಟ್ ಚದರಡಿಗೆ 150 ರೂಪಾಯಿ, ಹಾಕುವ ಕೂಲಿ 50 ರೂಪಾಯಿ. ಹಾಲ್ 300 ಚದರಡಿ. ಇಲ್ಲಿ 200 ರೂಪಾಯಿಯಂತೆ 60,000 ಕೇಳುವುದು ತಪ್ಪು. ಟೈಲ್ಸ್ ಮತ್ತು ಅದರ ಕೂಲಿಯ 85 ರೂಪಾಯಿ ಮೂಲ ದರದಲ್ಲೇ ಸೇರಿದೆ. ಅದನ್ನು ಕಳೆದರೆ ಉಳಿಯುವ ವ್ಯತ್ಯಾಸ 115 ರೂಪಾಯಿ. 300 ಚದರಡಿಗೆ 34,500. ಕೈಬಿಟ್ಟ ಕೆಲಸದ ಹಣ ಕಳೆಯದೆ ಹೊಸ ಕೆಲಸದ ಪೂರ್ತಿ ಹಣ ಸೇರಿಸುವುದೇ ಇಂಥ ಬಿಲ್ಲುಗಳ ದೊಡ್ಡ ದೋಷ. ಮಾಲೀಕರು ಅದನ್ನು ಗುರುತಿಸುವ ದಾರಿಯೂ ಸುಲಭ: ಬಿಲ್ಲಿನಲ್ಲಿ ಕಳೆಯುವ ಸಾಲು ಇದೆಯೇ ಎಂದು ನೋಡಿದರೆ ಸಾಕು.

ಇದೇ ಲೆಕ್ಕ ಪತ್ರದಲ್ಲಿ ಹೀಗೆ ಬರಬಹುದು: “ಮಾನ್ಯರೇ, ನಮ್ಮ ಕರಾರಿನ ಸಾಮಗ್ರಿ ಪಟ್ಟಿಯ 7ನೇ ಅಂಶದಲ್ಲಿ ಹಾಲ್‌ಗೆ ಟೈಲ್ಸ್ ನೆಲ ಎಂದಿದೆ. ನಿನ್ನೆ ಸೈಟಿನಲ್ಲಿ ತಾವು ಗ್ರಾನೈಟ್ ಹಾಕಲು ತಿಳಿಸಿದಿರಿ. ಟೈಲ್ಸ್‌ನ ಹಣ ಕಳೆದು ವ್ಯತ್ಯಾಸ ಚದರಡಿಗೆ 115 ರೂ., 300 ಚದರಡಿಗೆ 34,500 ರೂ. ಕರಾರಿನಂತೆ ತೆರಿಗೆ ಪ್ರತ್ಯೇಕ. ಪಾಲಿಶ್ ಸೇರಿ ಕೆಲಸ ಆರು ದಿನ ಹೆಚ್ಚು ಹಿಡಿಯುತ್ತದೆ. ಕರಾರಿನ ಉಳಿದ ಷರತ್ತುಗಳು ಹಾಗೆಯೇ ಇರುತ್ತವೆ. ತಾವು ಒಪ್ಪಿಗೆ ತಿಳಿಸಿದ ಮೇಲೆ ಕಲ್ಲು ತರಿಸುತ್ತೇವೆ. ಬೇಡವೆಂದರೆ ಪಟ್ಟಿಯಲ್ಲಿರುವಂತೆ ಟೈಲ್ಸ್ ಹಾಕುತ್ತೇವೆ.” ಮೂಲದಲ್ಲಿ ಏನಿತ್ತು, ಏನು ಬದಲಾಯಿತು, ಎಷ್ಟು ಹಣ, ಎಷ್ಟು ದಿನ, ಒಪ್ಪದಿದ್ದರೆ ಏನು ಎಂಬ ಐದಕ್ಕೂ ಇದರಲ್ಲಿ ಉತ್ತರವಿದೆ.

ಪತ್ರ ಯಾವಾಗ ಹೋಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಗ್ರಾನೈಟ್ ಟೈಲ್ಸ್‌ಗಿಂತ ದಪ್ಪ. ಬಾಗಿಲಿನ ಚೌಕಟ್ಟು ಕೂರಿಸುವ ಮುನ್ನ ತೀರ್ಮಾನವಾದರೆ ನೆಲದ ಮಟ್ಟವನ್ನು ಹೊಂದಿಸಿಕೊಳ್ಳಬಹುದು. ತಡವಾದರೆ ಬಾಗಿಲು ಕೊಯ್ಯುವ, ಪಕ್ಕದ ಕೋಣೆಯ ಮಟ್ಟ ಸರಿಪಡಿಸುವ ಖರ್ಚೂ ಸೇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಲ್ಲು ಹಾಕಿದ ಮೇಲೆ ಬೆಲೆ ತಿಳಿದ ಮಾಲೀಕರಿಗೆ ಬೇಡವೆನ್ನುವ ಸ್ವಾತಂತ್ರ್ಯ ಉಳಿದಿರುವುದಿಲ್ಲ. ಪರಿಚಯವಿದೆ, ನಂಬಿಕೆಯಿದೆ ಎಂದು ಬಾಯಿಮಾತಿನಲ್ಲೇ ಮುಗಿಸುವವರಿದ್ದಾರೆ. ಆದರೆ ಆರು ತಿಂಗಳ ಹಿಂದಿನ ಮಾತನ್ನು ಇಬ್ಬರೂ ಪ್ರಾಮಾಣಿಕವಾಗಿಯೇ ಬೇರೆ ಬೇರೆಯಾಗಿ ನೆನಪಿಟ್ಟಿರಬಹುದು. ಬರಹ ಆ ನಂಬಿಕೆಯನ್ನು ಕಾಪಾಡುತ್ತದೆ.

ಕಾನೂನಿನ ನಿಲುವೂ ಇದಕ್ಕೆ ಹತ್ತಿರವಾಗಿದೆ. 1872ರ ಭಾರತೀಯ ಕರಾರು ಕಾಯ್ದೆಯ 62ನೇ ಕಲಮಿನಂತೆ ಕರಾರನ್ನು ಬದಲಿಸಲು ಎರಡೂ ಕಡೆಯವರ ಒಪ್ಪಿಗೆ ಬೇಕು. ಉಚಿತವಾಗಿ ಮಾಡುವ ಉದ್ದೇಶವಿಲ್ಲದೆ ಮಾಡಿಕೊಟ್ಟ ಕೆಲಸದ ಲಾಭವನ್ನು ಇನ್ನೊಬ್ಬರು ಪಡೆದರೆ ಪರಿಹಾರ ಕೊಡಬೇಕೆಂದು 70ನೇ ಕಲಮು ಹೇಳುತ್ತದೆ. ಆದರೆ ಅದನ್ನು ನೆಚ್ಚಿಕೊಂಡವರು ಕೆಲಸ ನಡೆದದ್ದನ್ನೂ ಅದರ ಮೌಲ್ಯವನ್ನೂ ಸಾಬೀತುಪಡಿಸಬೇಕಾಗುತ್ತದೆ. ತಾವೇ ಬರೆದ ಮೊತ್ತ ಸಿಕ್ಕೇ ಸಿಗುತ್ತದೆಂಬ ಭರವಸೆಯಿಲ್ಲ. ಒಪ್ಪಿಗೆಗೆ ಛಾಪಾ ಕಾಗದವೇ ಆಗಬೇಕೆಂದಿಲ್ಲ. ವಿದ್ಯುನ್ಮಾನ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದು ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು ಹೇಳುತ್ತದೆ. ಮೂಲ ಕರಾರು ಬೇರೆ ವಿಧಾನವನ್ನು ಕಡ್ಡಾಯ ಮಾಡಿರದಿದ್ದರೆ, ಇಮೇಲಿಗೋ ವಾಟ್ಸಾಪಿಗೋ ಬಂದ ಸ್ಪಷ್ಟ ಉತ್ತರಕ್ಕೂ ಬೆಲೆಯಿದೆ.

ಹೀಗೆ ಒಪ್ಪಿಗೆಯಾದ ಪ್ರತಿಯೊಂದು ಬದಲಾವಣೆಗೂ ಕ್ರಮಸಂಖ್ಯೆ ಕೊಟ್ಟು, ಪತ್ರ ಮತ್ತು ಉತ್ತರಗಳನ್ನು ಮೂಲ ಕರಾರಿನ ಜೊತೆಗೇ ಇಡಬೇಕು. ಕೊನೆಯ ಬಿಲ್ಲಿನಲ್ಲಿ ಆ ಸಂಖ್ಯೆಗಳನ್ನಷ್ಟೇ ನಮೂದಿಸಬೇಕು. ಮಾಲೀಕರು ಮೊದಲೇ ಕಂಡು ಒಪ್ಪದ ಒಂದು ರೂಪಾಯಿಯೂ ಆ ಬಿಲ್ಲಿನಲ್ಲಿ ಇರಬಾರದು.