ಡ್ರಾಪ್ ಸೆಟ್ ಕೊನೆಗೊಂದೇ ಸಾಕು

ಹೋದ ತಿಂಗಳು ಪ್ರಥಮ ಪಿಯುಸಿಯ ಹುಡುಗನೊಬ್ಬ ಕ್ಯಾಂಟೀನ್‌ನಲ್ಲಿ ಚಹಾದ ಲೋಟ ಎತ್ತಲಾಗದೆ ಎರಡೂ ಕೈ ಮಡಚಿಕೊಂಡೇ ಕುಳಿತಿದ್ದ. ಮೊಣಕೈ ನೇರವಾಗುತ್ತಿರಲಿಲ್ಲ. ಬೆಳಿಗ್ಗೆ ಕೆಮಿಸ್ಟ್ರಿ ನೋಟ್ಸ್ ಕೂಡ ಪಕ್ಕದವನೇ ಬರೆದುಕೊಟ್ಟನಂತೆ. ಜಿಮ್‌ಗೆ ಸೇರಿ ಅವನಿಗೆ ಒಂಬತ್ತು ದಿನ ಆಗಿತ್ತು. ಹಿಂದಿನ ಸಂಜೆಯ ಹಿಂದಿನ ಸಂಜೆ ಬೈಸೆಪ್ಸ್‌ಗೆ ನಾಲ್ಕು ಸೆಟ್, ನಾಲ್ಕೂ ಡ್ರಾಪ್ ಸೆಟ್ ಮಾಡಿದ್ದ. "ಯಾರು ಹೇಳಿಕೊಟ್ಟರೋ?" ಎಂದು ಗೆಳೆಯರು ಕೇಳಿದಾಗ ಅವನು ನನ್ನ ಕಡೆ ನೋಡಿದ. ಹೇಳಿಕೊಟ್ಟವನು ನಾನೇ.

ಅವನಿಗೆ ಐದಾರು ದಿನಗಳಲ್ಲಿ ಸರಿಹೋಯಿತು. ಆದರೆ ಆ ದಿನದಿಂದ ಈ ವಿಷಯ ಬರೆಯಬೇಕು ಎಂದುಕೊಂಡಿದ್ದೆ. ನಮ್ಮ ಕಾಲೇಜಿನಲ್ಲಿ ಸಂಜೆ ಜಿಮ್‌ಗೆ ಹೋಗುವವರು ಈಗ ತುಂಬಾ ಜನ ಇದ್ದಾರೆ. ಅದರಲ್ಲಿ ಹೆಚ್ಚಿನವರು ಸೇರಿದ ಮೊದಲ ತಿಂಗಳಲ್ಲೇ ಮೊಬೈಲ್ ನೋಡಿ ಡ್ರಾಪ್ ಸೆಟ್, ರೆಸ್ಟ್-ಪಾಸ್ ಶುರು ಮಾಡುತ್ತಾರೆ. ನನ್ನ ಅಭಿಪ್ರಾಯ ಇಷ್ಟೇ: ಇವೆರಡೂ ಒಳ್ಳೆಯ ವಿಧಾನಗಳು, ಆದರೆ ಹೊಸಬರಿಗಲ್ಲ. ಹಳಬರಿಗೂ ವಾರಕ್ಕೆ ಒಂದೆರಡು ಸಲ, ಅದೂ ಕೊನೆಯ ಸೆಟ್‌ನಲ್ಲಿ ಮಾತ್ರ ಸಾಕು.

ಗೊತ್ತಿಲ್ಲದವರಿಗಾಗಿ ಮೊದಲು ಇವು ಏನೆಂದು ಹೇಳುತ್ತೇನೆ. ನೀವು 10 ಕೆಜಿ ಡಂಬೆಲ್ ಹಿಡಿದು ಕರ್ಲ್ ಮಾಡುತ್ತಿದ್ದೀರಿ ಎಂದುಕೊಳ್ಳಿ. ಹತ್ತು ಸಲ ಎತ್ತಿದಿರಿ, ಹನ್ನೊಂದನೆಯದು ಬರುವುದಿಲ್ಲ. ಸಾಮಾನ್ಯವಾಗಿ ಅಲ್ಲಿಗೆ ಡಂಬೆಲ್ ಇಟ್ಟು ಎರಡು ನಿಮಿಷ ವಿಶ್ರಾಂತಿ ತೆಗೆದುಕೊಳ್ಳುತ್ತೇವೆ. ಡ್ರಾಪ್ ಸೆಟ್‌ನಲ್ಲಿ ವಿಶ್ರಾಂತಿ ಇಲ್ಲ. ತಕ್ಷಣ 7.5 ಕೆಜಿ ಎತ್ತಿಕೊಂಡು ಆರು ಸಲ, ಅದೂ ಮುಗಿದ ಕೂಡಲೇ 5 ಕೆಜಿಯಲ್ಲಿ ಏಳು ಸಲ ಮಾಡುತ್ತೀರಿ. ಪ್ರತಿ ಸಲ ತೂಕವನ್ನು ಸುಮಾರು ಕಾಲು ಭಾಗ ಇಳಿಸುವುದು ರೂಢಿ.

ರೆಸ್ಟ್-ಪಾಸ್‌ನಲ್ಲಿ ತೂಕ ಇಳಿಸುವುದಿಲ್ಲ. ಕೇಬಲ್ ರೋ 40 ಕೆಜಿಯಲ್ಲಿ ಒಂಬತ್ತು ಸಲ ಎಳೆದು ನಿಲ್ಲಿಸಿದಿರಿ. ಹದಿನೈದು ಸೆಕೆಂಡು, ಎಂದರೆ ಐದಾರು ದೀರ್ಘ ಉಸಿರು, ಬಿಟ್ಟು ಅದೇ 40 ಕೆಜಿಯನ್ನು ಮತ್ತೆ ಮೂರು ಸಲ. ಮತ್ತೆ ಹದಿನೈದು ಸೆಕೆಂಡು, ಆಮೇಲೆ ಎರಡು ಸಲ. ಒಂದೇ ಸಲಕ್ಕೆ ಒಂಬತ್ತೇ ಆಗುತ್ತಿದ್ದ ತೂಕ ಹೀಗೆ ಹದಿನಾಲ್ಕು ಸಲ ಎಳೆದಂತಾಯಿತು.

ಇದು ಯಾಕೆ ಕೆಲಸ ಮಾಡುತ್ತದೆ ಎಂಬುದು ತಿಳಿದರೆ ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದೂ ತಿಳಿಯುತ್ತದೆ. ಸ್ನಾಯುವಿನ ಎಳೆಗಳೆಲ್ಲ ಒಟ್ಟಿಗೆ ಕೆಲಸಕ್ಕೆ ಇಳಿಯುವುದಿಲ್ಲ. ಮೊದಲು ಸಣ್ಣ ಗುಂಪುಗಳು ದುಡಿಯುತ್ತವೆ. ಅವು ಸುಸ್ತಾದಂತೆ, ಬೆಳೆಯುವ ಶಕ್ತಿ ಹೆಚ್ಚಿರುವ ದೊಡ್ಡ ಗುಂಪುಗಳು ಸೇರಿಕೊಳ್ಳುತ್ತವೆ. ಆದ್ದರಿಂದ ಹತ್ತು ಸಲದ ಸೆಟ್‌ನಲ್ಲಿ ಕೈ ನಿಧಾನವಾಗುವ ಕೊನೆಯ ನಾಲ್ಕೈದು ಸಲವೇ ಹೆಚ್ಚು ಬೆಲೆಯುಳ್ಳದ್ದು. ಡ್ರಾಪ್ ಸೆಟ್ ಮತ್ತು ರೆಸ್ಟ್-ಪಾಸ್ ಮಾಡುವುದು ಇಷ್ಟೇ: ಆ ಕಷ್ಟದ ಸಲಗಳನ್ನು ಕಡಿಮೆ ಸಮಯದಲ್ಲಿ ಹೆಚ್ಚು ಸಂಖ್ಯೆಯಲ್ಲಿ ಒದಗಿಸುವುದು.

ಅಂದರೆ ಇವುಗಳಿಂದ ಸಿಗುವ ನಿಜವಾದ ಲಾಭ ಸಮಯ. ಒಟ್ಟು ಕೆಲಸ ಸಮನಾಗಿದ್ದರೆ ಸ್ನಾಯುವಿನ ಬೆಳವಣಿಗೆ ಸಾಮಾನ್ಯ ಸೆಟ್‌ಗಳಲ್ಲೂ ಡ್ರಾಪ್ ಸೆಟ್‌ಗಳಲ್ಲೂ ಹೆಚ್ಚುಕಡಿಮೆ ಒಂದೇ ಎಂಬುದನ್ನು ವ್ಯಾಯಾಮ ವಿಜ್ಞಾನದ ಅಧ್ಯಯನಗಳು ತೋರಿಸಿವೆ. ಮೇಲೆ ಹೇಳಿದ ಕರ್ಲ್ ಡ್ರಾಪ್ ಸೆಟ್ ಒಂದೂವರೆ ನಿಮಿಷದಲ್ಲಿ ಮುಗಿಯುತ್ತದೆ. ಎರಡೆರಡು ನಿಮಿಷ ಬಿಟ್ಟು 10 ಕೆಜಿಯಲ್ಲೇ ಮೂರು ಸೆಟ್ ಮಾಡಿದರೆ ಆರು ನಿಮಿಷ ಬೇಕು. ಕಾಲೇಜು ಬಿಟ್ಟು ಟ್ಯೂಷನ್ ಶುರುವಾಗುವುದರ ನಡುವೆ ಮುಕ್ಕಾಲು ಗಂಟೆ ಮಾತ್ರ ಸಿಗುವವನಿಗೆ ಈ ನಾಲ್ಕೂವರೆ ನಿಮಿಷ ದೊಡ್ಡದು. ಸಮಯ ಧಾರಾಳವಾಗಿ ಇರುವವನಿಗೆ ಅದರಿಂದ ವಿಶೇಷ ಲಾಭವೇನೂ ಇಲ್ಲ.

"ಉರಿ ಬಂತು ಎಂದರೆ ಬೆಳೆಯುತ್ತಿದೆ" ಎಂಬ ಮಾತು ಜಿಮ್‌ನಲ್ಲಿ ಪ್ರತಿದಿನ ಕೇಳುತ್ತೇವೆ. ಡ್ರಾಪ್ ಸೆಟ್‌ನಲ್ಲಿ ಉರಿ ಖಂಡಿತ ಹೆಚ್ಚು, ಕೈ ಉಬ್ಬಿ ಕನ್ನಡಿಯಲ್ಲಿ ಚೆನ್ನಾಗಿಯೂ ಕಾಣುತ್ತದೆ. ಆದರೆ ಆ ಉಬ್ಬು ರಕ್ತ ಮತ್ತು ನೀರಿನಂಶ ಅಲ್ಲಿ ತುಂಬಿಕೊಂಡದ್ದರಿಂದ ಬಂದದ್ದು. ಮನೆಗೆ ಹೋಗಿ ಊಟ ಮುಗಿಸುವಷ್ಟರಲ್ಲಿ ಇಳಿದಿರುತ್ತದೆ. ಉರಿಯನ್ನೇ ಅಳತೆ ಎಂದು ನಂಬಿ ನಾನು ಏನು ಕಳೆದುಕೊಂಡೆ ಎಂಬುದು ನನ್ನ ನೋಟ್‌ಬುಕ್‌ನಲ್ಲಿದೆ.

ಎಸ್ಸೆಸ್ಸೆಲ್ಸಿ ರಜೆಯಲ್ಲಿ ಜಿಮ್ ಸೇರಿದ ನಾನು ಪ್ರಥಮ ಪಿಯುಸಿ ಪೂರ್ತಿ ಸಾದಾ ಸೆಟ್‌ಗಳನ್ನೇ ಮಾಡಿದೆ. ಈ ವರ್ಷ ಜೂನ್ ಮೊದಲ ವಾರ ಬೆಂಚ್ ಪ್ರೆಸ್ 45 ಕೆಜಿಯಲ್ಲಿ ಮೂರು ಸೆಟ್: 8, 8, 7. ಒಟ್ಟು 23 ಸಲ. ಬೇಗ ಬೆಳೆಯಬೇಕು ಎಂಬ ಆಸೆಯಿಂದ ಆಮೇಲೆ ವಾರಕ್ಕೆ ಎರಡು ದಿನ ಮೂರೂ ಸೆಟ್‌ಗಳನ್ನು ಡ್ರಾಪ್ ಸೆಟ್ ಮಾಡಿದೆ: 45, ಕೂಡಲೇ 35, ಕೂಡಲೇ 25. ಎರಡನೆಯ ವಾರ 45 ಕೆಜಿಯಲ್ಲಿ ಬಂದದ್ದು 8, 6, 4. ಒಟ್ಟು 18. ನಾಲ್ಕನೆಯ ವಾರ 6, 5, 4. ಒಟ್ಟು 15. ಭುಜದ ಮುಂಭಾಗದಲ್ಲಿ ನೋವು ಬೇರೆ.

ಕಾರಣ ಸರಳ. ಮೊದಲ ಸೆಟ್‌ನ ಕೊನೆಯಲ್ಲಿ 35, 25 ಕೆಜಿ ಎತ್ತಿ ದಣಿದ ಮೇಲೆ ಎರಡನೆಯ ಸೆಟ್‌ನ 45 ಕೆಜಿಗೆ ಶಕ್ತಿ ಉಳಿಯುತ್ತಿರಲಿಲ್ಲ. ಹಗುರ ತೂಕದ ಸಲಗಳು ಹೆಚ್ಚಾದವು, ಭಾರದ ಸಲಗಳು ಕಡಿಮೆಯಾದವು. ಮೂರು ದಿನದ ಬಿಡುವಿನಲ್ಲಿ ಆ ದಣಿವು ಪೂರ್ತಿ ಆರುತ್ತಲೂ ಇರಲಿಲ್ಲ. ನಾನು ಬೆವರುತ್ತಿದ್ದೆ, ಉರಿಯುತ್ತಿದ್ದೆ, ಆದರೆ ತಿಂಗಳ ಕೊನೆಗೆ ಮೊದಲಿಗಿಂತ ಬಲಹೀನನಾಗಿದ್ದೆ.

ನೋಟ್‌ಬುಕ್ ತೋರಿಸಿದಾಗ ನಮ್ಮ ದೈಹಿಕ ಶಿಕ್ಷಣದ ಸರ್ ಬೈಯಲಿಲ್ಲ. "ಮೊದಲ ಸೆಟ್ ನೋಡು. ಅದು ಇಳಿಯುತ್ತಿದ್ದರೆ ನೀನು ತಪ್ಪು ದಾರಿಯಲ್ಲಿ ಇದ್ದೀಯ" ಎಂದಷ್ಟೇ ಹೇಳಿದರು. ಒಂದು ವಾರ ಹಗುರ ತೂಕದಲ್ಲಿ ಮಾಡಿ, ಮತ್ತೆ ಸಾದಾ ಸೆಟ್‌ಗಳಿಗೆ ಬಂದೆ. ಸೆಟ್‌ಗಳ ನಡುವೆ ಎರಡೂವರೆ ನಿಮಿಷ ಬಿಟ್ಟೆ. ಡ್ರಾಪ್ ಸೆಟ್ ಉಳಿಸಿಕೊಂಡದ್ದು ವಾರಕ್ಕೆ ಒಂದು ದಿನ, ಕೇಬಲ್‌ನಲ್ಲಿ ಮಾಡುವ ಟ್ರೈಸೆಪ್ಸ್ ಪುಶ್‌ಡೌನ್‌ನ ಕೊನೆಯ ಸೆಟ್‌ಗೆ ಮಾತ್ರ. ಆರು ವಾರ ಕಳೆದ ಮೇಲೆ ಬೆಂಚ್‌ನಲ್ಲಿ 47.5 ಕೆಜಿ: 8, 8, 7.

ಹಾಗಾದರೆ ಯಾರು ಮಾಡಬಹುದು? ಕನಿಷ್ಠ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ತಪ್ಪದೆ ವ್ಯಾಯಾಮ ಮಾಡಿದವರು. ಸುಸ್ತಾದಾಗಲೂ ಬೆನ್ನು, ಭುಜದ ಭಂಗಿ ಕೆಡದವರು. ಸಮಯ ಕಡಿಮೆ ಇರುವವರು. ಹಾಸ್ಟೆಲ್ ಕೋಣೆಯಲ್ಲಿ ಒಂದೇ ಜೊತೆ ಡಂಬೆಲ್ ಇಟ್ಟುಕೊಂಡವರಿಗೆ ರೆಸ್ಟ್-ಪಾಸ್ ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ತೂಕ ಬದಲಿಸುವ ಅಗತ್ಯವೇ ಇಲ್ಲ.

ಹೊಸಬರಿಗೆ ಬೇಡ. ಮೊದಲ ವಾರಗಳಲ್ಲಿ ಬರುವ ಶಕ್ತಿ ಬಹುಪಾಲು ನರಗಳು ಆ ಚಲನೆಯನ್ನು ಕಲಿತದ್ದರಿಂದ ಬರುತ್ತದೆ. ಕಲಿಯಲು ಸ್ವಚ್ಛವಾದ ಸಲಗಳು ಬೇಕು, ಆದರೆ ಡ್ರಾಪ್ ಸೆಟ್ ಕೊಡುವುದು ನಡುಗುವ, ವಾಲುವ ಸಲಗಳನ್ನು. ಇನ್ನೂ ಎರಡು ಮೂರು ಸಲ ಎತ್ತಬಹುದು ಎನ್ನುವಾಗ ನಿಲ್ಲಿಸಿದರೂ ಹೊಸಬರ ಸ್ನಾಯು ಬೆಳೆಯುತ್ತದೆ. ಪಂದ್ಯಗಳ ಸಮಯದಲ್ಲಿ ಫುಟ್ಬಾಲ್, ಕಬಡ್ಡಿ ತಂಡದವರಿಗೂ ಬೇಡ, ಮರುದಿನ ಕಾಲು ಓಡುವುದಿಲ್ಲ. ರಂಜಾನ್‌ನಲ್ಲಿ ರೋಜಾ ಇಟ್ಟು ಇಫ್ತಾರ್‌ಗೆ ಮೊದಲು ಜಿಮ್‌ಗೆ ಹೋಗುವವರೂ ಇವನ್ನು ಬಿಡುವುದು ಲೇಸು, ದೇಹದಲ್ಲಿ ನೀರು ಕಡಿಮೆ ಇರುವ ಹೊತ್ತು ಅದು.

ಎಷ್ಟು ಸಲ ಎಂದು ಕೇಳಿದರೆ ನಾನು ಪಾಲಿಸುವ ಲೆಕ್ಕ ಹೇಳುತ್ತೇನೆ. ಒಂದು ಸ್ನಾಯುವಿಗೆ ವಾರಕ್ಕೆ ಒಂದು ಸಲ. ಒಂದು ದಿನಕ್ಕೆ ಹೆಚ್ಚೆಂದರೆ ಎರಡು ವ್ಯಾಯಾಮ, ಅವುಗಳ ಕೊನೆಯ ಸೆಟ್ ಮಾತ್ರ. ಮೂರು ನಾಲ್ಕು ವಾರ ಹೀಗೆ ಮಾಡಿ ಒಂದು ವಾರ ಪೂರ್ತಿ ಬಿಡುವು. ಕರ್ಲ್, ಪುಶ್‌ಡೌನ್, ಲೆಗ್ ಎಕ್ಸ್‌ಟೆನ್ಷನ್‌ನಂತಹ ಸುಲಭವಾಗಿ ಕೈಬಿಡಬಹುದಾದ ವ್ಯಾಯಾಮಗಳಿಗೆ ಮಾತ್ರ. ಸ್ಕ್ವಾಟ್, ಡೆಡ್‌ಲಿಫ್ಟ್‌ಗೆ ಬೇಡ. ಬೆಂಚ್ ಪ್ರೆಸ್‌ಗೂ ಬೇಡ, ಹಿಂದೆ ಹಿಡಿಯುವವರು ಇಲ್ಲದೆ ರಾಡ್ ಎದೆಯ ಮೇಲೆ ಕುಳಿತರೆ ಏಳುವುದು ಕಷ್ಟ. ಪರೀಕ್ಷೆಯ ವಾರ, ನಿದ್ದೆಗೆಟ್ಟ ವಾರ ಇವನ್ನು ಮುಟ್ಟುವುದೇ ಇಲ್ಲ.

ಹೆಚ್ಚಾಯಿತು ಎಂಬುದು ಗೊತ್ತಾಗುವುದು ನೋಟ್‌ಬುಕ್‌ನಿಂದ. ಅದೇ ತೂಕದ ಮೊದಲ ಸೆಟ್‌ನಲ್ಲಿ ಸತತ ಎರಡು ದಿನ ಎರಡು ಸಲ ಕಡಿಮೆ ಬಂದರೆ ಡ್ರಾಪ್ ಸೆಟ್ ನಿಲ್ಲಿಸಿ. ನೋವು ಮೂರು ದಿನ ದಾಟಿಯೂ ಇದ್ದರೆ ಆ ಸ್ನಾಯುವಿಗೆ ಮತ್ತೆ ತೂಕ ಕೊಡಬೇಡಿ. ಇನ್ನೊಂದು ಲಕ್ಷಣವನ್ನು ಎಲ್ಲರೂ ನೆನಪಿಡಬೇಕು. ಕೈಕಾಲು ವಿಪರೀತ ಊದಿ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅದು ಜಿಮ್ ನೋವಲ್ಲ. ಸ್ನಾಯುವಿನ ಎಳೆಗಳು ಒಡೆದು ಒಳಗಿನ ಅಂಶಗಳು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹಾನಿ ಮಾಡುವ ಸ್ಥಿತಿ ಅದು. ಅದನ್ನು ರಾಬ್ಡೋಮಯೋಲಿಸಿಸ್ ಎನ್ನುತ್ತಾರೆ. ಹೊಸಬರಲ್ಲಿ, ಬಹಳ ದಿನ ಬಿಟ್ಟು ಮರಳಿ ಬಂದವರಲ್ಲಿ ಅತಿಯಾದ ವ್ಯಾಯಾಮದಿಂದ ಹೀಗಾಗಬಹುದು. ಮನೆಯಲ್ಲಿ ಬೈಯುತ್ತಾರೆ ಎಂದು ಮುಚ್ಚಿಡದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಆ ಕ್ಯಾಂಟೀನ್ ದಿನ ನಾನು ಮೊದಲು ಹೆದರಿ ಕೇಳಿದ ಪ್ರಶ್ನೆಯೂ ಮೂತ್ರದ ಬಣ್ಣದ್ದೇ. "ಇಲ್ಲ ಅಣ್ಣ, ಸರಿ ಇದೆ" ಎಂದ. ನನಗೆ ಹೋದ ಜೀವ ಬಂದಂತಾಯಿತು. ಈಗ ಅವನು ನನ್ನ ಜೊತೆಗೇ ಬರುತ್ತಾನೆ. 5 ಕೆಜಿ ಡಂಬೆಲ್‌ನಲ್ಲಿ ಮೂರು ಸಾದಾ ಸೆಟ್ ಮಾಡಿ, ಇನ್ನೂ ಎರಡು ಸಲ ಆಗುತ್ತದೆ ಎನ್ನುವಾಗಲೇ ಇಟ್ಟುಬಿಡುತ್ತಾನೆ. ಡ್ರಾಪ್ ಸೆಟ್ ಯಾವಾಗ ಎಂದು ವಾರಕ್ಕೊಮ್ಮೆ ಕೇಳುತ್ತಾನೆ. ಮುಂದಿನ ವರ್ಷ, ನೀನು ದ್ವಿತೀಯ ಪಿಯುಸಿಗೆ ಬಂದ ಮೇಲೆ ಎಂದು ಹೇಳಿದ್ದೇನೆ.