ಮಾಲು ಸರಿ, ಬಿಲ್ಲೂ ಸರಿ, ದುಡ್ಡು ಮಾತ್ರ ಬರಲಿಲ್ಲ

ಸೊರಡಿ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಊರು. ಆ ಕಡೆ ಒಂದು ಸೈಟಿನ ಕೆಲಸಕ್ಕೆ ಹೋಗಿದ್ದಾಗ ಅಲ್ಲಿನ ಸಣ್ಣ ಫ್ಯಾಬ್ರಿಕೇಶನ್ ವರ್ಕ್‌ಶಾಪಿನಿಂದ ಕಬ್ಬಿಣದ ಕ್ಲಾಂಪ್ ತರಿಸುತ್ತಿದ್ದೆವು. ಮಾಲೀಕರು ಕನ್ನಡದವರು. ಜೂನ್ 4ರಂದು 250 ಕ್ಲಾಂಪ್ ಕಳಿಸಿದರು. ಒಂದಕ್ಕೆ 198 ರೂಪಾಯಿಯಂತೆ 49,500, ಅದರ ಮೇಲೆ ಶೇಕಡಾ 18 ಜಿಎಸ್‌ಟಿ 8,910, ಒಟ್ಟು 58,410 ರೂಪಾಯಿ. ಜೂನ್ 23ಕ್ಕೆ ಕಂಪೆನಿಯ ಹೆಡ್ ಆಫೀಸಿನಿಂದ ಒಂದು ಸಾಲಿನ ಮೇಲ್ ಬಂತು: ಬಿಲ್ಲಿನಲ್ಲಿ ಪರ್ಚೇಸ್ ಆರ್ಡರ್ ನಂಬರ್ ಇಲ್ಲ, ವಾಪಸ್ ಮಾಡಿದ್ದೇವೆ.

"ಏನ್ರೀ ಸಾಹೇಬ್ರ, ಮಾಲು ಇಳಿಸ್ಕೊಂಡ್ರಿ, ಸಹಿ ಹಾಕಿದ್ರಿ, ಈಗ ನಂಬರ್ ಇಲ್ಲಂದ್ರ ಹೆಂಗ?" ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ನಮ್ಮ ಬ್ಯಾರಿ ಮನೆಗಳಲ್ಲಿ ಅಂಗಡಿ, ಹಾರ್ಡ್‌ವೇರ್, ವರ್ಕ್‌ಶಾಪ್ ನಡೆಸಿ ದೊಡ್ಡ ಕಂಪೆನಿಗಳಿಗೆ ಮಾಲು ಕೊಡುವವರೂ ಇದನ್ನೇ ಕೇಳುತ್ತಾರೆ. ಬಿಲ್ ವಾಪಸ್ ಮಾಡಿದ್ದು ತಪ್ಪಲ್ಲ ಎಂಬುದು ನನ್ನ ಅಭಿಪ್ರಾಯ. ತಪ್ಪು ಬೇರೆ ಕಡೆ ಇದೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಟ್ಯಾಕ್ಸ್ ಇನ್‌ವಾಯ್ಸ್‌ನಲ್ಲಿ ಏನೇನು ಇರಬೇಕೆಂದು ಜಿಎಸ್‌ಟಿಯ 46ನೇ ನಿಯಮ ಹೇಳುತ್ತದೆ. ಹೆಸರು, ಜಿಎಸ್‌ಟಿ ನಂಬರ್, ಬಿಲ್ ನಂಬರ್, ತಾರೀಕು, ಎಚ್‌ಎಸ್‌ಎನ್, ತೆರಿಗೆ ಎಲ್ಲ ಅದರಲ್ಲಿವೆ. ಪರ್ಚೇಸ್ ಆರ್ಡರ್ ನಂಬರ್ ಇಲ್ಲ. ಹಾಗಾಗಿ ಅಕೌಂಟೆಂಟ್ "ಬಿಲ್ ಸರಿಯಾಗಿದೆ" ಎಂದರೆ ಅದು ಸರಕಾರದ ಲೆಕ್ಕಕ್ಕೆ ಸರಿ. ದುಡ್ಡು ಕೊಡುವವನ ಲೆಕ್ಕ ಬೇರೆ.

ಉಪ್ಪನ ಅಂಗಡಿಗೆ ಬಿಲ್ ಬಂದರೆ ಮಾಲು ತಂದವರು ಯಾರು, ರೇಟು ಎಷ್ಟಕ್ಕೆ ಮಾತಾಗಿತ್ತು ಎಂಬುದೆಲ್ಲ ಅವರ ತಲೆಯಲ್ಲೇ ಇರುತ್ತಿತ್ತು. ದೊಡ್ಡ ಕಂಪೆನಿಯಲ್ಲಿ ಆರ್ಡರ್ ಕೊಡುವವನೊಬ್ಬ, ಮಾಲು ಇಳಿಸುವವನು ಮತ್ತೊಬ್ಬ, ದುಡ್ಡು ಕೊಡುವವನು ಇನ್ನೊಂದು ಊರಿನಲ್ಲಿ ಕೂತ ಮೂರನೆಯವ. ಆ ಮೂರನೆಯವನು ಕ್ಲಾಂಪನ್ನೂ ನೋಡಿಲ್ಲ, ನಮ್ಮನ್ನೂ ನೋಡಿಲ್ಲ. ಅವನು ಮೂರು ಕಾಗದ ಹೊಂದಿಸುತ್ತಾನೆ: ಆರ್ಡರಿನಲ್ಲಿರುವ ರೇಟು, ಸ್ಟೋರಿನವರು ಬರೆದ ಜಿಆರ್‌ಎನ್‌ನಲ್ಲಿರುವ ಸಂಖ್ಯೆ, ನಮ್ಮ ಬಿಲ್ಲಿನ ಮೊತ್ತ. ಈ ಮೂರನ್ನೂ ಕಟ್ಟುವ ದಾರ ಆರ್ಡರ್ ನಂಬರ್. ಸ್ಯಾಪ್ ಇರುವ ಕಡೆ ಅದು ಸಾಮಾನ್ಯವಾಗಿ 45ರಿಂದ ಶುರುವಾಗುವ 10 ಅಂಕಿ. ಬಿಲ್ ಹತ್ತಿಸುವ MIRO ಪರದೆಯಲ್ಲಿ ಅದನ್ನು ಹಾಕಿದರೆ ಮಾತ್ರ ರೇಟು, ಸಂಖ್ಯೆಗಳು ತೆರೆದುಕೊಳ್ಳುತ್ತವೆ.

ನಂಬರ್ ಇಲ್ಲದೆ ನೇರ ಖರ್ಚಾಗಿ ಬರೆದು ದುಡ್ಡು ಕೊಡಲಾಗದೇ? ಆಗುತ್ತದೆ, ಆದರೆ ಲೆಕ್ಕ ಕೆಡುತ್ತದೆ. ಸ್ಟೋರಿನವನು ಜಿಆರ್‌ಎನ್ ಮಾಡಿದ ಕೂಡಲೇ ಕಂಪೆನಿಯ ಪುಸ್ತಕದಲ್ಲಿ "ಮಾಲು ಬಂದಿದೆ, ಇಷ್ಟು ಕೊಡಬೇಕು" ಎಂದು ಒಂದು ಮಧ್ಯದ ಖಾತೆಯಲ್ಲಿ ಬಾಕಿ ಕೂರುತ್ತದೆ. ಆರ್ಡರ್ ನಂಬರಿನ ಮೇಲೆ ಬಿಲ್ ಹತ್ತಿದರೆ ಆ ಬಾಕಿ ಚುಕ್ತಾ. ನಂಬರ್ ಇಲ್ಲದೆ ಬರೆದರೆ ಹಳೆಯ ಬಾಕಿ ಹಾಗೆಯೇ ಉಳಿದು ಅದೇ ಕ್ಲಾಂಪಿನ ಖರ್ಚು ಎರಡನೇ ಸಲ ಬೀಳುತ್ತದೆ. ಆರು ತಿಂಗಳ ನಂತರ ಯಾರೋ ಆ ಬಾಕಿ ನೋಡಿ ಮತ್ತೊಮ್ಮೆ ದುಡ್ಡು ಕಳಿಸಲೂಬಹುದು. ಆರ್ಡರ್ ಮಾಡದ ಮಾಲಿಗೆ ಬಿಲ್ ಕಳಿಸಿ ದುಡ್ಡು ಹೊಡೆಯುವವರೂ ಇದ್ದಾರೆ. ಅವರಿಗೂ ನಮಗೂ ವ್ಯತ್ಯಾಸ ತಿಳಿಯಲು ಆ ಗುಮಾಸ್ತನ ಬಳಿ ಇರುವುದು ಆ ನಂಬರ್ ಒಂದೇ.

ಸೊರಡಿಯಲ್ಲಿ ಇನ್ನೂ ಒಂದು ತೊಡಕಿತ್ತು, ಅದರ ಪಾಲು ನನ್ನದು. ಅದೇ ಕ್ಲಾಂಪಿಗೆ ಎರಡು ಆರ್ಡರ್ ತೆರೆದಿದ್ದವು. ಹಳೆಯದರ ರೇಟು 185, ಹೊಸದರದ್ದು 198. ನಾನು ಫೋನಿನಲ್ಲಿ "250 ಕಳಿಸಿ" ಎಂದೆನೇ ಹೊರತು ಯಾವ ಆರ್ಡರಿನ ಮೇಲೆ ಎಂದು ಹೇಳಲಿಲ್ಲ. ಚಲನ್ನಿನಲ್ಲಿ ನಂಬರ್ ಇರಲಿಲ್ಲ. ಸ್ಟೋರಿನ ಹುಡುಗ ಪರದೆಯಲ್ಲಿ ಮೊದಲು ಕಂಡ ಹಳೆಯ ಆರ್ಡರಿನ ಮೇಲೆ ಜಿಆರ್‌ಎನ್ ಮಾಡಿಬಿಟ್ಟ.

ಮೇಲ್ ಬಂದ ಮರುದಿನ ಮಾಲೀಕರು ಗಾಬರಿಯಲ್ಲಿ ಹೊಸ ನಂಬರಿನ ಎರಡನೇ ಬಿಲ್ ಮಾಡಿ, ಗೋಡೆಗೆ ಅಂಟಿಸಿದ್ದ ಹಳೆಯ ಆರ್ಡರಿನ ನಂಬರನ್ನೇ ಅದರಲ್ಲಿ ಬರೆದು ಕಳಿಸಿದರು. ಈ ಸಲ ಸಂಖ್ಯೆ ಹೊಂದಿತು, ರೇಟು ಹೊಂದಲಿಲ್ಲ. 3,250 ರೂಪಾಯಿ ಹೆಚ್ಚು ಎಂದು ಅದೂ ನಿಂತಿತು. ಜೊತೆಗೆ ಎರಡೂ ಬಿಲ್ ಜೂನ್ ತಿಂಗಳ ರಿಟರ್ನಿಗೆ ಸೇರಿದವು. ಒಂದೇ ಮಾಲಿಗೆ ಎರಡು ಸಲ 8,910 ತೆರಿಗೆ, ಕೈಗೆ ಒಂದು ರೂಪಾಯಿ ಬರುವ ಮೊದಲೇ.

ಕೊನೆಗೆ ಸ್ಟೋರಿನವರಿಗೆ ಹೇಳಿ ಜಿಆರ್‌ಎನ್ ರದ್ದು ಮಾಡಿಸಿ ಹೊಸ ಆರ್ಡರಿನ ಮೇಲೆ ಮಾಡಿಸಿದೆ. ಎರಡನೇ ಬಿಲ್ಲಿಗೆ ಜುಲೈಯಲ್ಲಿ ಕ್ರೆಡಿಟ್ ನೋಟ್ ಹಾಕಿದರು. ಮೊದಲಿನ ಬಿಲ್ಲನ್ನೇ ಅದೇ ನಂಬರ್, ಅದೇ ತಾರೀಕು, ಅದೇ ಮೊತ್ತದೊಂದಿಗೆ ಮತ್ತೆ ಪ್ರಿಂಟ್ ತೆಗೆದು ಆರ್ಡರ್ ನಂಬರ್, ಅದರ ಐಟಂ ಸಾಲು, ಚಲನ್ ನಂಬರ್ ಸೇರಿಸಿದರು. ಜಿಎಸ್‌ಟಿ ರಿಟರ್ನಿನಲ್ಲಿ ಆರ್ಡರ್ ನಂಬರ್ ಕೇಳುವುದಿಲ್ಲವಾದ್ದರಿಂದ ಅಲ್ಲಿ ಏನೂ ತಿದ್ದಬೇಕಾಗಲಿಲ್ಲ. ಮೊದಲ ದಿನವೇ ಇಷ್ಟು ಮಾಡಿದ್ದರೆ ಸಾಕಿತ್ತು. ವಹಿವಾಟು 5 ಕೋಟಿ ದಾಟಿ ಇ-ಇನ್‌ವಾಯ್ಸ್ ಮಾಡುವವರು ಮಾತ್ರ ಇನ್ನಷ್ಟು ಎಚ್ಚರವಾಗಿರಬೇಕು. ಅಲ್ಲಿ ನಂಬರ್ ಹಾಕಲು PORefr ಎಂಬ ಜಾಗ ಇದೆ, ಆದರೆ ಕಡ್ಡಾಯವಲ್ಲ. ಖಾಲಿ ಬಿಟ್ಟರೂ ಪೋರ್ಟಲ್ ಒಪ್ಪಿಕೊಳ್ಳುತ್ತದೆ, ರದ್ದು ಮಾಡಲು ಇರುವುದು 24 ಗಂಟೆ.

ಇಲ್ಲಿಯವರೆಗೆ ನಾನು ಕಂಪೆನಿಯ ಪರ. ಇನ್ನು ಅಲ್ಲ.

ತಿದ್ದಿದ ಬಿಲ್ಲನ್ನು ಜುಲೈ 9ಕ್ಕೆ ಒಪ್ಪಿಕೊಂಡ ಕಂಪೆನಿ, 45 ದಿನವನ್ನು ಅಂದಿನಿಂದ ಎಣಿಸಿತು. ಅಂದರೆ ಆಗಸ್ಟ್ 23. ಮಾಲು ಇಳಿದ ದಿನದಿಂದ ಎಣಿಸಿದರೆ ಜುಲೈ 19 ಆಗುತ್ತಿತ್ತು. ಸಣ್ಣ ಉದ್ದಿಮೆಗಳ 2006ರ ಕಾಯ್ದೆ ಎಣಿಕೆ ಶುರುಮಾಡುವುದು ಮಾಲನ್ನು ಒಪ್ಪಿಕೊಂಡ ದಿನದಿಂದ. ಮಾಲಿನ ಬಗ್ಗೆ ತಕರಾರಿದ್ದರೆ 15 ದಿನದೊಳಗೆ ಬರಹದಲ್ಲಿ ಹೇಳಬೇಕು. ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನ ಮೀರುವಂತಿಲ್ಲ, ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇಲ್ಲಿ ಕ್ಲಾಂಪಿನ ಬಗ್ಗೆ ಯಾರೂ ತಕರಾರು ಮಾಡಿರಲಿಲ್ಲ, ಅವು ಆಗಲೇ ಕಂಬ ಏರಿದ್ದವು. ಕಾಗದದ ಕೊರತೆಗೆ ಬಿಲ್ ವಾಪಸ್ ಮಾಡಲಿ. ಆದರೆ 19 ದಿನ ಸುಮ್ಮನಿದ್ದು ನಂತರ ಗಡಿಯಾರವನ್ನು ಸೊನ್ನೆಗೆ ತಿರುಗಿಸುವುದು ನನ್ನ ಪ್ರಕಾರ ಈ ಕಾಯ್ದೆಯ ಮನಸ್ಸಿಗೆ ವಿರುದ್ಧ.

ನಮ್ಮವರಲ್ಲಿ ಹೆಚ್ಚಿನವರು ತಯಾರಕರಲ್ಲ, ವ್ಯಾಪಾರಿಗಳು. 2021ರಿಂದ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ಸಿಗುತ್ತದೆ, ಆದರೆ ಅದರ ಲಾಭ ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ. ಈ 45 ದಿನದ ರಕ್ಷಣೆ ಅವರಿಗಿಲ್ಲ. ಸೊರಡಿಯ ವರ್ಕ್‌ಶಾಪಿನವರು ಈ ಕಾಯ್ದೆಯಡಿ ದೂರು ಕೊಡಬಹುದು. ನಮ್ಮ ಹಾರ್ಡ್‌ವೇರ್ ಅಂಗಡಿಯವರಿಗೆ ಆ ಬಾಗಿಲೂ ಇಲ್ಲ. ಬಿಲ್ ವಾಪಸ್ ಬಂದರೆ ಕಾಯುವುದೇ ಗತಿ.

ಆ ಕೆಲಸ ಮುಗಿಯುವವರೆಗೆ ಅವರು ನನ್ನ ಫೋನಿಗೆ ಮಾಲು ಕಳಿಸುವುದನ್ನೇ ನಿಲ್ಲಿಸಿದರು. "ಹತ್ತು ಅಂಕಿ ವಾಟ್ಸಾಪ್ ಮಾಡ್ರಿ, ಆಮ್ಯಾಲ ಗಾಡಿ ತುಂಬ್ತೀನಿ" ಎನ್ನುತ್ತಿದ್ದರು. ಬಂದ ಮೇಲೆ ಅದನ್ನು ಮೊದಲು ಚಲನ್ನಿಗೆ ಬರೆದು, ಸ್ಟೋರಿನವನಿಂದ ಜಿಆರ್‌ಎನ್ ನಂಬರ್ ಇಸಿದುಕೊಂಡು, ಆಮೇಲೆಯೇ ಬಿಲ್ ಮಾಡುತ್ತಿದ್ದರು. ಒಮ್ಮೆ ನನಗೆ ಆರ್ಡರ್ ಬಿಡುಗಡೆ ಮಾಡಿಸಿಕೊಳ್ಳಲು ಎರಡು ದಿನ ಹಿಡಿಯಿತು. ಆ ಎರಡು ದಿನವೂ ತುಂಬದ ಗಾಡಿ ಅವರ ವರ್ಕ್‌ಶಾಪಿನ ಮುಂದೆಯೇ ನಿಂತಿತ್ತು.